ಅಪ್ಪನ ರುಜು ಯಾವ ಗೆರೆಯ ಮೇಲೆ?

ಭಟ್ಕಳದ ಶಂಸುದ್ದೀನ್ ಸರ್ಕಲ್ಲಿನಿಂದ ಕುಮಟೆಯ ಗಿಬ್ ಸರ್ಕಲ್ಲಿನವರೆಗೆ ಸಂಜೆಯ ಬಸ್ಸಿನಲ್ಲಿ ನಿಂತು ಬರುವವರಿಗೆ ಈಗ ಒಂದು ಮಾತು ಕೇಳಿ ಕೇಳಿ ಹಳತಾಗಿದೆ. "ನಿಂಗೆ ಎಲ್ಲಿ ಸಿಕ್ತು? ಬೆಂಗ್ಳೂರೋ, ಮಂಗ್ಳೂರೋ?" ನೌಕರಿಯ ಮಾತಲ್ಲ ಇದು. ಇಂಟರ್ನ್‌ಶಿಪ್ಪಿನ ಮಾತು. ಕಾಲೇಜಿನಲ್ಲಿ ಓದುತ್ತಿರುವಾಗಲೇ ಕೆಲವು ವಾರ ಕಂಪನಿಯಲ್ಲಿ ಕೆಲಸ ಕಲಿತು ಬರುವ ವ್ಯವಸ್ಥೆ. ಹಿಂದೆ ಬೇಕಾದವರು ಹೋಗುತ್ತಿದ್ದರು, ಬೇಡದವರು ಊರಲ್ಲೇ ಉಳಿಯುತ್ತಿದ್ದರು. ಈಗ ಹಾಗಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಕ್ರಮದಲ್ಲಿ ಕೊನೆಯ ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಗೆ 14ರಿಂದ 20 ವಾರಗಳ ಇಂಟರ್ನ್‌ಶಿಪ್ ಕಡ್ಡಾಯ. ಅದಕ್ಕೆ 10 ಕ್ರೆಡಿಟ್. ಅದು ಬಾರದಿದ್ದರೆ ಡಿಗ್ರಿ ಇಲ್ಲ.

ಹೊರಡುವ ಮೊದಲು ಒಂದು ಕಾಗದ ಬರುತ್ತದೆ. ಕಾಲೇಜು, ಕಂಪನಿ, ವಿದ್ಯಾರ್ಥಿ ಮೂವರೂ ಸಹಿ ಹಾಕುವ ಕರಾರು. ತ್ರಿಪಕ್ಷೀಯ ಒಪ್ಪಂದ ಎಂದು ಅದರ ದೊಡ್ಡ ಹೆಸರು. ಓದುವವರು ಕಡಿಮೆ, ರುಜು ಹಾಕುವವರು ಎಲ್ಲರೂ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಕಲ್ಪಿತ ಉದಾಹರಣೆಯೇ, ಆದರೆ ಕಾಗದದ ಕಲಮುಗಳು ಮಾತ್ರ ಇಂಥ ಕರಾರುಗಳಲ್ಲಿ ಸಾಮಾನ್ಯವಾಗಿ ಕಾಣುವಂಥವೇ. ಹೊನ್ನಾವರ ಬಸ್‌ಸ್ಟ್ಯಾಂಡಿನ ಹತ್ತಿರ ಕಿರಾಣಿ ಅಂಗಡಿ ಇಟ್ಟವರೊಬ್ಬರ ಮಗಳು ಎನ್ನಿ. ವಯಸ್ಸು 21. ಭಟ್ಕಳಕ್ಕೆ ದಿನಾ ಹೋಗಿಬಂದು ಇಂಜಿನಿಯರಿಂಗ್ ಓದಿದವಳು. ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಟರ್ನ್‌ಶಿಪ್ ಸಿಕ್ಕಿತು. ಶುಕ್ರವಾರ ಸಂಜೆ ಆರು ಪುಟದ ಕರಾರು ಮೊಬೈಲಿಗೆ ಬಂತು, ಸೋಮವಾರ ಬೆಳಿಗ್ಗೆ ರುಜುವಾಗಿ ಕಾಲೇಜಿಗೆ ಬರಬೇಕು ಎಂಬ ಸೂಚನೆಯೂ ಜತೆಗೇ ಬಂತು. ಅಪ್ಪ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಸಾಮಾನಿಗೆ ಬಂದ ಹಳೇ ಗಿರಾಕಿಯೊಬ್ಬರ ಕೈಗಿಟ್ಟರು. ಆ ಗಿರಾಕಿ ಕೋರ್ಟಿನಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು.

"ಸಾಹೇಬ್ರೇ, ಎಲ್ಲಿ ರುಜು ಹಾಕೋದು ಹೇಳಿ ಸಾಕು" ಎಂದರು ಅಪ್ಪ.

"ಎಲ್ಲಿ ಅನ್ನೋದೇ ಪ್ರಶ್ನೆ" ಎಂದು ಅವರು ಕನ್ನಡಕ ಏರಿಸಿದರು.

ಮೂರು ತಿಂಗಳು ಎಂದರೆ ಎಷ್ಟು ವಾರ?

ಮೊದಲ ಪುಟದಲ್ಲೇ ಒಂದು ಸಾಲು ಸಿಕ್ಕಿತು: ತರಬೇತಿ 2026ರ ಫೆಬ್ರವರಿ 2ರಿಂದ ಮೂರು ತಿಂಗಳು. ಕೇಳಲು ಧಾರಾಳವಾಗಿದೆ. ಆದರೆ ವಿಶ್ವವಿದ್ಯಾಲಯ ಎಣಿಸುವುದು ತಿಂಗಳನ್ನಲ್ಲ, ವಾರವನ್ನು. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕೇ? ಫೆಬ್ರವರಿಯಲ್ಲಿ 27 ದಿನ, ಮಾರ್ಚಿನಲ್ಲಿ 31, ಏಪ್ರಿಲಿನಲ್ಲಿ 30, ಮೇ 1ರ ಒಂದು ದಿನ. ಒಟ್ಟು 89. ಅಂದರೆ 12 ವಾರ, ಐದು ದಿನ. ಕನಿಷ್ಠ ಬೇಕಾದದ್ದು 14 ವಾರ, 98 ದಿನ. ಒಂಬತ್ತು ದಿನ ಖೋತಾ! ಆಮೇಲೆ ಸರ್ಟಿಫಿಕೇಟಿನಲ್ಲಿ ಕಂಪನಿ ನಿಜವಾದ ತಾರೀಖನ್ನೇ ಬರೆಯುತ್ತದೆ, ಅದು ಬರೆಯಬೇಕಾದದ್ದೂ ಅದನ್ನೇ. ತಪ್ಪು ಯಾರದೂ ಅಲ್ಲ, ನಷ್ಟ ಮಾತ್ರ ಹುಡುಗಿಯದು.

ಕಂಪನಿಗೆ ಇದರ ಹಿಂದೆ ಮೋಸದ ಉದ್ದೇಶವೇನೂ ಇರುವುದಿಲ್ಲ. ಬೇರೆ ರಾಜ್ಯದ, ಬೇರೆ ವಿಶ್ವವಿದ್ಯಾಲಯದ ಮಕ್ಕಳಿಗೂ ಅದೇ ನಮೂನೆ ಕಳಿಸಿರುತ್ತಾರೆ. ಅಲ್ಲೆಲ್ಲ ಮೂರು ತಿಂಗಳು ಸಾಕಾಗಿರಬಹುದು. ಅದಕ್ಕೇ ಶುರುವಿನ ತಾರೀಖು, ಮುಗಿಯುವ ತಾರೀಖು ಎರಡನ್ನೂ ಅಂಕಿಯಲ್ಲಿ ಬರೆಸಬೇಕು. 16 ವಾರ ಎಂದು ಮಾಡಿಕೊಂಡರೆ ಮೇ 24ಕ್ಕೆ ಮುಗಿಯುತ್ತದೆ, ನಡುವೆ ಜ್ವರ ಬಂದು ನಾಲ್ಕು ದಿನ ಮಲಗಿದರೂ ಕೈಯಲ್ಲಿ ಅವಕಾಶ ಇರುತ್ತದೆ.

ಬಿ.ಎ., ಬಿ.ಕಾಂ. ಮಕ್ಕಳ ಲೆಕ್ಕ ಬೇರೆ. ಅಲ್ಲಿ ಯುಜಿಸಿ ಮಾರ್ಗಸೂಚಿ ಗಂಟೆಯ ಮೇಲೆ ಹೋಗುತ್ತದೆ; ಒಂದು ಕ್ರೆಡಿಟ್ಟಿಗೆ 30 ಗಂಟೆ. ಹೊನ್ನಾವರ, ಕುಮಟೆಯ ಡಿಗ್ರಿ ಕಾಲೇಜುಗಳ ಹುಡುಗರು ಯಾವ ವರ್ಷ ಸೇರಿದರೋ ಆ ವರ್ಷದ ಪಠ್ಯಕ್ರಮ ಏನು ಕೇಳುತ್ತದೆ ಎಂಬುದನ್ನು ಕಾಲೇಜಿನ ಆಫೀಸಿನಲ್ಲೇ ಕೇಳಿ, ಆ ಗಂಟೆಯ ಸಂಖ್ಯೆಯನ್ನೇ ಕರಾರಿನಲ್ಲಿ ಬರೆಸುವುದು ಕ್ಷೇಮ.

ಕಾಲೇಜು ಯಾಕೆ ನಡುವೆ?

ಅಂಗಡಿಯವರಿಗೆ ಇಲ್ಲಿ ಒಂದು ಸಂಶಯ ಬಂತು. ಕೆಲಸ ಕೊಡುವವರು ಕಂಪನಿಯವರು, ಮಾಡುವವಳು ಮಗಳು. ಕಾಲೇಜಿನ ರುಜು ಎಂತಕ್ಕೆ?

ಯಾಕೆಂದರೆ ಹುಡುಗಿ ಅಲ್ಲಿ ನೌಕರಳೂ ಅಲ್ಲ, ಅಪ್ರೆಂಟಿಸೂ ಅಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬಹಳ ಮಂದಿ ಕೆಟ್ಟಿದ್ದಾರೆ. ಐಟಿಐ ಮುಗಿಸಿ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಹೋಗುವ ಹುಡುಗನ ಬೆನ್ನಿಗೆ 1961ರ ಅಪ್ರೆಂಟಿಸ್ ಕಾಯಿದೆ ಇದೆ. ಅವನ ಕರಾರು ಸರ್ಕಾರದ ಅಪ್ರೆಂಟಿಸ್‌ಶಿಪ್ ಸಲಹೆಗಾರರಲ್ಲಿ ನೋಂದಣಿಯಾಗುತ್ತದೆ. ಸ್ಟೈಪೆಂಡಿನ ಕನಿಷ್ಠ ಮೊತ್ತವನ್ನು ಸರ್ಕಾರವೇ ಗೊತ್ತುಮಾಡಿದೆ. ಯಂತ್ರಕ್ಕೆ ಬೆರಳು ಸಿಕ್ಕಿದರೆ ಪರಿಹಾರ ಕೊಡಬೇಕಾದವನು ಮಾಲೀಕ, ಕಾಯಿದೆಯ 16ನೇ ಕಲಮು ಹಾಗೆ ಹೇಳುತ್ತದೆ. ಕಾಲೇಜಿನ ಕ್ರೆಡಿಟ್ಟಿಗಾಗಿ ಹೋಗುವ ಸಾಧಾರಣ ಇಂಟರ್ನಿಗೆ ಇದೊಂದೂ ತಾನಾಗಿ ಬರುವುದಿಲ್ಲ. ಅವಳಿಗೆ ಸಿಗುವುದೆಲ್ಲ ಕಾಗದದಲ್ಲಿ ಬರೆದಷ್ಟೇ.

ಇದು ಯಾವ ಜಾತಿಯ ಕಾಗದ ಎಂದು ಗುರುತಿಸುವುದು ಕಷ್ಟವಲ್ಲ. ಅಪ್ರೆಂಟಿಸ್ ಕರಾರಾದರೆ ಸರ್ಕಾರದ ಪೋರ್ಟಲಿನಲ್ಲಿ ನೋಂದಣಿಯಾದ ಸಂಖ್ಯೆ ಇರುತ್ತದೆ. ಡಿಗ್ರಿಯ ಒಳಗೇ ಅಪ್ರೆಂಟಿಸ್‌ಶಿಪ್ ಸೇರಿಸಿದ ಕೋರ್ಸುಗಳೂ ಈಗ ಬಂದಿವೆ, ಅಲ್ಲೂ ನೋಂದಣಿ ಕೇಳಿ. ಸಂಖ್ಯೆ ಇಲ್ಲ, ಬರೇ "ಇಂಟರ್ನ್" ಎಂದಿದೆ ಅಂದರೆ ಕರಾರೇ ಗತಿ.

ಇನ್ನು ಕಾಲೇಜಿನ ಕೆಲಸ. ಇವಳ ಹಾಜರಿ ಯಾರು ನೋಡಬೇಕು, ಅಂಕ ಯಾರು ಕೊಡಬೇಕು, ಮಾರ್ಗದರ್ಶಕರು ಯಾರು, ನಡುವೆ ಕಂಪನಿ "ಬೇಡ" ಎಂದರೆ ಉಳಿದ ವಾರಗಳ ಗತಿಯೇನು, ಇವೆಲ್ಲ ಕಾಲೇಜಿಗೆ ಸಂಬಂಧಿಸಿದ್ದು. ಕಾಲೇಜಿಗೂ ಕಂಪನಿಗೂ ನಡುವೆ ಮೊದಲೇ ಒಂದು ತಿಳುವಳಿಕೆ ಪತ್ರ ಆಗಿರಬಹುದು, ಪತ್ರಿಕೆಯಲ್ಲಿ ಹಾರ ತುರಾಯಿಯ ಫೋಟೋ ಕೂಡ ಬಂದಿರಬಹುದು. ಅದರಲ್ಲಿ ಹುಡುಗಿಯ ರುಜು ಇಲ್ಲ, ಅದನ್ನು ತೋರಿಸಿ ಅವಳು ಏನನ್ನೂ ಕೇಳುವುದು ಕಷ್ಟ. ಕಂಪನಿ ಕಳಿಸಿದ ಆಫರ್ ಲೆಟರಿನಲ್ಲಿ ಕಾಲೇಜಿನ ರುಜು ಇಲ್ಲ. ಮೂವರೂ ಒಟ್ಟಿಗೆ ಸಿಕ್ಕುವುದು ಈ ಆರು ಪುಟದಲ್ಲಿ ಮಾತ್ರ. ಹಾಗಾಗಿ "ಆಫರ್ ಲೆಟರಿಗೂ ಈ ಕರಾರಿಗೂ ಭಿನ್ನ ಬಂದರೆ ಕರಾರಿನ ಮಾತೇ ನಡೆಯುತ್ತದೆ" ಎಂಬ ಒಂದು ಸಾಲು ಇರಬೇಕು. ಇಲ್ಲಿ ಅದು ಇತ್ತು, ಪುಣ್ಯ.

ಎರಡನೇ ಪುಟದ ಒಂದು ಸಾಲು ಮಾತ್ರ ಸಾಹೇಬರಿಗೆ ಸೇರಲಿಲ್ಲ: "ತರಬೇತಿಯ ಕಾಲದ ಎಲ್ಲ ಅಪಾಯಗಳಿಗೂ ವಿದ್ಯಾರ್ಥಿಯೇ ಹೊಣೆ." ಬೆಂಗಳೂರಿನ ರಸ್ತೆ, ರಾತ್ರಿ ಒಂಬತ್ತಕ್ಕೆ ಬಿಡುವ ಆಫೀಸು. ಕಂಪನಿ ಹೊಣೆ ಅಲ್ಲ, ಕಾಲೇಜು ಹೊಣೆ ಅಲ್ಲ ಎಂದಾದರೆ ಆಸ್ಪತ್ರೆಯ ಬಿಲ್ಲು ಹೊನ್ನಾವರದ ಕಿರಾಣಿ ಅಂಗಡಿಗೇ. ಸಾಲನ್ನು ಹೊಡೆಯಿರಿ ಎಂದರೆ ಕಂಪನಿ ಒಪ್ಪುವುದು ಕಷ್ಟ. ಅದರ ಬದಲಿಗೆ, ತರಬೇತಿಯ ಅಷ್ಟೂ ದಿನಕ್ಕೆ ಅಪಘಾತ ವಿಮೆ ಯಾರು ಮಾಡಿಸುತ್ತಾರೆ, ಎಷ್ಟು ಮೊತ್ತಕ್ಕೆ, ಪಾಲಿಸಿ ನಂಬರ್ ಯಾವುದು ಎಂದು ಬರೆಸಿರಿ ಎಂದರು. ವಿದ್ಯಾರ್ಥಿಗಳಿಗೆ ಗುಂಪು ವಿಮೆ ಮಾಡಿಸಿದ ಕಾಲೇಜುಗಳೂ ಉಂಟು. ಅದು ಊರ ಹೊರಗಿನ ತರಬೇತಿಗೆ ಅನ್ವಯಿಸುತ್ತದೋ ಇಲ್ಲವೋ ಎಂಬುದನ್ನು ಪಾಲಿಸಿ ಓದಿಯೇ ತಿಳಿಯಬೇಕು.

ಹೆಣ್ಣುಮಕ್ಕಳನ್ನು ಕಳಿಸುವವರಿಗೆ ಒಂದು ಮಾತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಮಾತ್ರ ಟ್ರೇನಿಗಳನ್ನೂ ತನ್ನೊಳಗೆ ಸೇರಿಸಿಕೊಂಡಿದೆ. ಹತ್ತು ಜನ ಅಥವಾ ಹೆಚ್ಚು ಇದ್ದಲ್ಲಿ ಕಂಪನಿಯೇ ಆಂತರಿಕ ಸಮಿತಿ ಮಾಡಬೇಕು, ಕಡಿಮೆ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಅವಧಿ ಮೂರು ತಿಂಗಳು. ಕರಾರಿನಲ್ಲಿ ಇದನ್ನು ಬರೆಯದಿದ್ದರೂ ಈ ಹಕ್ಕು ಹೋಗುವುದಿಲ್ಲ.

ಗುಟ್ಟು ಮತ್ತು ವರದಿ

ನಾಲ್ಕನೇ ಪುಟದಲ್ಲಿ ಹುಡುಗಿಯ ಡಿಗ್ರಿಗೇ ಗಂಟು ಬಿದ್ದಿತ್ತು. ಕಂಪನಿಯ ಯಾವ ಮಾಹಿತಿಯನ್ನೂ ಯಾವ ಮೂರನೆಯವರಿಗೂ ಯಾವ ಕಾಲಕ್ಕೂ ಹೇಳತಕ್ಕದ್ದಲ್ಲ ಎಂದು ಒಂದು ಕಲಮು. ಐದನೇ ಪುಟದಲ್ಲಿ, ವಿದ್ಯಾರ್ಥಿ ತಾನು ಮಾಡಿದ ಕೆಲಸದ ಪೂರ್ಣ ವರದಿಯನ್ನು ಕಾಲೇಜಿಗೆ ಕೊಟ್ಟು ಮೌಖಿಕ ಪರೀಕ್ಷೆಗೆ ಹಾಜರಾಗತಕ್ಕದ್ದು ಎಂದು ಇನ್ನೊಂದು. ಎರಡನ್ನೂ ಹೇಗೆ ಪಾಲಿಸುವುದು? ವರದಿ ಕೊಟ್ಟರೆ ಕರಾರು ಮುರಿದಂತೆ, ಕೊಡದಿದ್ದರೆ ಕೂತಲ್ಲೇ ನಾಪಾಸು. ಹೊರಗಿನ ಪರೀಕ್ಷಕರು "ಏನು ಮಾಡಿದಿರಮ್ಮಾ?" ಎಂದು ಕೇಳಿದಾಗ "ಹೇಳುವ ಹಾಗಿಲ್ಲ ಸರ್" ಎಂದರೆ ಅಂಕ ಬರುವುದುಂಟೇ?

ಗುಟ್ಟು ಕಾಯುವ ಕಲಮು ನ್ಯಾಯವಾದದ್ದೇ. ಗಿರಾಕಿಗಳ ಪಟ್ಟಿ, ದರದ ಪಟ್ಟಿ ಹೊರಗೆ ಹೋಗಬಾರದು ಎಂಬುದು ಯಾವ ಅಂಗಡಿಯವನಿಗೆ ಅರ್ಥವಾಗದು? ಬೇಕಾದದ್ದು ಒಂದು ಸಂದು. ಕಾಲೇಜಿನ ಮಾರ್ಗದರ್ಶಕರಿಗೆ ಮತ್ತು ಪರೀಕ್ಷಕರಿಗೆ ಕೊಡುವ ವರದಿ ಈ ಕಲಮಿಗೆ ಹೊರತು. ವರದಿಯನ್ನು ಕಂಪನಿಯವರು ಮೊದಲು ನೋಡಿ, ಬೇಡದ ಭಾಗವನ್ನು ತೆಗೆಸಿ, ಕೊಟ್ಟ ಹತ್ತು ದಿನದೊಳಗೆ ಒಪ್ಪಿಗೆ ಹೇಳಬೇಕು. ಹತ್ತು ದಿನದ ಗಡಿ ಮುಖ್ಯ. ಗಡಿ ಇಲ್ಲದಿದ್ದರೆ ಪರೀಕ್ಷೆಯ ತಾರೀಖು ಬಂದರೂ ವರದಿ ಕಂಪನಿಯ ಮೇಜಿನ ಮೇಲೇ ಇರುತ್ತದೆ. ಇದನ್ನು ಸೇರಿಸಬೇಕೆಂದು ಕೇಳಬೇಕಾದದ್ದು ಹುಡುಗಿ ಅಲ್ಲ, ಕಾಲೇಜು. ವರದಿ ಕೇಳಿದವರು ಅವರೇ ತಾನೇ?

ಅದೇ ಪುಟದ ಕೆಳಗೆ ಇನ್ನೊಂದು ಸಾಲು: ತರಬೇತಿಯ ಕಾಲದಲ್ಲಿ ವಿದ್ಯಾರ್ಥಿ ಸೃಷ್ಟಿಸಿದ ಸಕಲ ಕೃತಿಯೂ ಕಂಪನಿಯ ಸ್ವತ್ತು. 1957ರ ಕಾಪಿರೈಟ್ ಕಾಯಿದೆಯ ಪ್ರಕಾರ ನೌಕರ ಅಥವಾ ಅಪ್ರೆಂಟಿಸ್ ತನ್ನ ಕೆಲಸದ ಭಾಗವಾಗಿ ಬರೆದದ್ದು ಬೇರೆ ಒಪ್ಪಂದ ಇಲ್ಲದಿದ್ದರೆ ಯಜಮಾನನಿಗೆ ಸೇರುತ್ತದೆ. ಇಂಟರ್ನ್ ಎರಡೂ ಅಲ್ಲವಲ್ಲ, ಅದಕ್ಕೇ ಕಂಪನಿ ಬರವಣಿಗೆಯಲ್ಲಿ ಬರೆಸಿಕೊಳ್ಳುತ್ತದೆ. ಬರೆಸಿಕೊಳ್ಳಲಿ, ಅಡ್ಡಿಲ್ಲ. ಆದರೆ "ಸಕಲ" ಎಂಬ ಶಬ್ದ ದೊಡ್ಡದಾಯಿತು. ಹುಡುಗಿ ಇಬ್ಬರು ಗೆಳತಿಯರ ಜತೆ ಸೇರಿ ಮೀನು ಮಾರುಕಟ್ಟೆಯ ದರ ತೋರಿಸುವ ಒಂದು ಆ್ಯಪ್ ಮಾಡುತ್ತಿದ್ದಳು, ಭಾನುವಾರಗಳಲ್ಲಿ. ಅದೂ ಕಂಪನಿಗೇ ಹೋಗಬೇಕೇ? "ಕಂಪನಿ ವಹಿಸಿದ ಕೆಲಸದಲ್ಲಿ ಸೃಷ್ಟಿಸಿದ" ಎಂದು ತಿದ್ದಿದರೆ ಕಂಪನಿಗೂ ನಷ್ಟವಿಲ್ಲ, ಗೆಳತಿಯರಿಗೂ ಇಲ್ಲ.

ಕೊನೆಯ ಪುಟದ ಗೆರೆ

ಸಾಹೇಬರು ಕೊನೆಯ ಪುಟವನ್ನು ಎರಡು ಸಲ ಓದಿದರು. ರುಜುವಿಗೆ ನಾಲ್ಕು ಗೆರೆ ಇದ್ದವು. ಕಾಲೇಜು, ಕಂಪನಿ, ವಿದ್ಯಾರ್ಥಿ, ಆಮೇಲೆ "ಪಾಲಕರು". ಮೂರು ಪಕ್ಷದ ಕರಾರಿಗೆ ನಾಲ್ಕನೇ ಗೆರೆ ಯಾಕೆ?

ಪಾಲಿಟೆಕ್ನಿಕ್ ಹುಡುಗರ ವಿಷಯದಲ್ಲಿ ಇದಕ್ಕೆ ಕಾರಣವಿದೆ. ಹತ್ತನೇ ತರಗತಿ ಮುಗಿಸಿ ಡಿಪ್ಲೊಮಾ ಸೇರಿದವನು ಬೇಸಿಗೆ ತರಬೇತಿಗೆ ಹೊರಡುವಾಗ 17 ಇರಬಹುದು. 18 ತುಂಬದವನು ಕರಾರು ಮಾಡಲು ಬರುವುದಿಲ್ಲ. ಅಪ್ರಾಪ್ತನ ಕರಾರು ಬರಿದು ಎಂದು 1903ರಲ್ಲೇ ಪ್ರಿವಿ ಕೌನ್ಸಿಲ್ ಹೇಳಿಬಿಟ್ಟಿದೆ. ಅಲ್ಲಿ ಅಪ್ಪ ಅಥವಾ ಅಮ್ಮ ಪೋಷಕರೆಂದು ರುಜು ಹಾಕುವುದು ಸರಿ. ಆದರೆ ಈ ಹುಡುಗಿಗೆ 21. ಅವಳ ರುಜು ಅವಳದೇ, ಅಪ್ಪನ ಒಪ್ಪಿಗೆ ಕಾನೂನಿಗೆ ಬೇಕಿಲ್ಲ. ಹಾಗಾದರೆ?

ಉತ್ತರ ಗೆರೆಯ ಮೇಲಿನ ಸಣ್ಣ ಅಕ್ಷರದಲ್ಲಿತ್ತು. ವಿದ್ಯಾರ್ಥಿ ಅವಧಿ ಮುಗಿಯುವ ಮುನ್ನ ಬಿಟ್ಟರೆ ತರಬೇತಿ ವೆಚ್ಚವೆಂದು 50,000 ರೂಪಾಯಿ ಕೊಡತಕ್ಕದ್ದು, ಅದಕ್ಕೆ ಕೆಳಗೆ ರುಜು ಮಾಡಿದ ಪಾಲಕರು ಜಾಮೀನು. ಜಾಮೀನು! ಅಂಗಡಿಯವರ ಮುಖ ಬದಲಾಯಿತು. ಸೊಸೈಟಿ ಸಾಲಕ್ಕೆ ಯಾರಿಗೋ ಜಾಮೀನು ನಿಂತು ಕಟ್ಟಿದವರು ನಮ್ಮ ಕರಾವಳಿಯಲ್ಲಿ ಕಡಿಮೆಯೇ? 1872ರ ಕರಾರು ಕಾಯಿದೆಯ 128ನೇ ಕಲಮಿನ ಪ್ರಕಾರ, ಬೇರೆ ರೀತಿ ಬರೆದಿರದಿದ್ದರೆ, ಜಾಮೀನುದಾರನ ಹೊಣೆ ಮೂಲ ಸಾಲಗಾರನ ಹೊಣೆಯಷ್ಟೇ. ಮೊದಲು ಮಗಳ ಹತ್ತಿರ ಕೇಳಿ, ಆಮೇಲೆ ನನ್ನ ಹತ್ತಿರ ಬನ್ನಿ ಎನ್ನುವ ಹಾಗೂ ಇಲ್ಲ.

"ಈ ಬಾಂಡೆಲ್ಲ ಕೋರ್ಟಿನಲ್ಲಿ ನಿಲ್ಲೂದಿಲ್ಲ ಅಂತಾರಲ್ಲ ಸಾಹೇಬ್ರೇ?" ಎಂದರು ಅಂಗಡಿಯವರು.

ಹಾಗೆ ಹೇಳುವವರು ಬಸ್ಸಿಗೊಬ್ಬರು ಸಿಗುತ್ತಾರೆ. ಪೂರ್ತಿ ನಿಜವಲ್ಲ. ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕಿನ ಒಂದು ಪ್ರಕರಣ ಇದೆ. ಮೂರು ವರ್ಷಕ್ಕೆ ಮೊದಲೇ ಬಿಟ್ಟರೆ ಎರಡು ಲಕ್ಷ ಎಂಬ ಷರತ್ತು ಒಪ್ಪಿ ಸೇರಿದ ಅಧಿಕಾರಿಯೊಬ್ಬರು ಬೇಗ ಬಿಟ್ಟರು. ಕರ್ನಾಟಕ ಹೈಕೋರ್ಟು ಅವರ ಪರವಾಗಿ ಹೇಳಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ತಳ್ಳಿ ಬ್ಯಾಂಕಿನ ಷರತ್ತನ್ನು ಎತ್ತಿಹಿಡಿಯಿತು. ಬಾಂಡ್ ಅಂದ ಮಾತ್ರಕ್ಕೆ ಕಸದ ಬುಟ್ಟಿಗೆ ಅಲ್ಲ ಎಂದಾಯಿತು.

ಆದರೆ ಅವರು ಸಂಬಳ ತಿನ್ನುವ ಕಾಯಂ ಅಧಿಕಾರಿ, ಬ್ಯಾಂಕು ನೇಮಕಕ್ಕೆ ಖರ್ಚು ಮಾಡಿತ್ತು. ಕಲಿಯಲು ಹೋದ ವಿದ್ಯಾರ್ಥಿನಿಯ ಸ್ಥಿತಿ ಅದಲ್ಲ. ಅದೇ ಕರಾರು ಕಾಯಿದೆಯ 74ನೇ ಕಲಮು ಹೇಳುವುದೇನೆಂದರೆ, ಕಾಗದದಲ್ಲಿ ಮೊತ್ತ ಎಷ್ಟೇ ಬರೆದಿರಲಿ, ಅದು ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನು ಕೋರ್ಟು ಕೊಡಿಸುತ್ತದೆ. ತಿಂಗಳಿಗೆ ಎಂಟು ಸಾವಿರ ಸ್ಟೈಪೆಂಡ್ ಕೊಡುವ ಕಂಪನಿ 16 ವಾರದ ತರಬೇತಿಗೆ 50,000 ಖರ್ಚಾಯಿತು ಎಂದು ತೋರಿಸಲು ಕಷ್ಟಪಡಬೇಕು. ಆದರೂ ಆ ವಾದ ಮಾಡಲು ಬೆಂಗಳೂರಿಗೆ ಹೋಗಬೇಕು, ಯಾಕೆಂದರೆ ವ್ಯಾಜ್ಯ ಬಂದರೆ ಬೆಂಗಳೂರಿನ ನ್ಯಾಯಾಲಯದಲ್ಲೇ ಎಂದು ಅದರ ಕೆಳಗಿನ ಸಾಲು ಹೇಳುತ್ತಿತ್ತು. ಗೆಲ್ಲುವ ಮೊಕದ್ದಮೆಗೂ ರಾತ್ರಿ ಬಸ್ಸಿನ ಟಿಕೆಟ್ ತಪ್ಪುವುದಿಲ್ಲ.

ಇನ್ನೊಂದು ಓರೆ ಕಣ್ಣಿಗೆ ಬಿತ್ತು. ಹುಡುಗಿ ಬಿಟ್ಟರೆ 50,000. ಕಂಪನಿ ಬಿಡಿಸಿದರೆ ಏನೂ ಇಲ್ಲ. "ಕಾರಣ ಕೊಡದೆ ಯಾವಾಗ ಬೇಕಾದರೂ" ತರಬೇತಿ ನಿಲ್ಲಿಸಬಹುದು ಎಂದಿತ್ತು. ಹತ್ತನೇ ವಾರದಲ್ಲಿ ನಿಲ್ಲಿಸಿದರು ಎನ್ನಿ. ಹತ್ತು ವಾರದ ದುಡಿಮೆಗೆ ಸರ್ಟಿಫಿಕೇಟು ಉಂಟೋ? ಉಳಿದ ನಾಲ್ಕು ವಾರವನ್ನು ಬೇರೆ ಕಡೆ ಮಾಡಿದರೆ ಕಾಲೇಜು ಒಪ್ಪುತ್ತದೋ? ಕರಾರು ಮೌನ. ಆರು ಪುಟದಲ್ಲಿ ಅತಿ ಅಪಾಯದ ಸಂಗತಿ ಇದೇ, ಬರೆದ ಸಾಲಲ್ಲ, ಬರೆಯದೇ ಬಿಟ್ಟ ಸಾಲು. ನಿಲ್ಲಿಸುವುದಾದರೆ ಎರಡು ವಾರ ಮೊದಲು ಕಾಲೇಜಿಗೆ ಲಿಖಿತವಾಗಿ ತಿಳಿಸಬೇಕು, ಮುಗಿಸಿದ ವಾರಗಳಿಗೆ ತಾರೀಖು ಸಹಿತ ಪತ್ರ ಕೊಡಬೇಕು, ಉಳಿದದ್ದನ್ನು ಬೇರೆಡೆ ಪೂರೈಸಲು ವಿಶ್ವವಿದ್ಯಾಲಯದ ನಿಯಮದೊಳಗೆ ಕಾಲೇಜು ಏರ್ಪಾಡು ಮಾಡಬೇಕು. ಇದನ್ನು ಸಾಹೇಬರು ಅಂಗಡಿಯ ಚೀಟಿಯ ಹಿಂದೆ ಬರೆದುಕೊಟ್ಟರು.

"ತಂಗೀ, ನೀನು ಕಂಪನಿಗೆ ಫೋನ್ ಮಾಡೂಕೆ ಹೋಗಬೇಡ. ಸೋಮವಾರ ಕಾಲೇಜಿನ ಪ್ಲೇಸ್‌ಮೆಂಟ್ ಸಾರಿಗೆ ಈ ಚೀಟಿ ಕೊಡು. ಅವರ ಕಡೆಯಿಂದ ಈಮೇಲ್ ಹೋಗಲಿ. ಬಾಯಲ್ಲಿ 'ಆಯ್ತು' ಅಂದದ್ದು ಲೆಕ್ಕಕ್ಕಿಲ್ಲ, ಕಾಗದದಲ್ಲಿ ತಿದ್ದಿ ಬರಬೇಕು."

ಇಂಥಲ್ಲಿ ಕೇಳಿದ್ದೆಲ್ಲ ಸಿಗುವುದಿಲ್ಲ. ತಾರೀಖು, ವರದಿಯ ಹತ್ತು ದಿನ, "ವಹಿಸಿದ ಕೆಲಸ" ಎಂಬ ತಿದ್ದುಪಡಿ, ಇವು ಕಂಪನಿಗೆ ಖರ್ಚಿನ ಬಾಬ್ತಲ್ಲ; ಒಪ್ಪುತ್ತಾರೆ. ಬೆಂಗಳೂರು ನ್ಯಾಯಾಲಯದ ಸಾಲು ತೆಗೆಯುವುದು ಕಡಿಮೆ. ಸ್ಟೈಪೆಂಡನ್ನು "ಕಂಪನಿಯ ನಿಯಮದಂತೆ" ಎನ್ನುವ ಬದಲು ಎಂಟು ಸಾವಿರ, ತಿಂಗಳ ಏಳನೇ ತಾರೀಖಿನೊಳಗೆ, ಇಂಥ ಖಾತೆಗೆ ಎಂದು ಬರೆಸಬಹುದು, ಹೆಚ್ಚು ಮಾಡಿಸಲು ಬಾರದು. ಜಾಮೀನಿನ ಮಾತು ಎತ್ತಿದಾಗ ಕಂಪನಿ ಬಾಂಡನ್ನು ಉಳಿಸಿಕೊಂಡು ಪಾಲಕರನ್ನು ಬಿಟ್ಟರೆ ಅದೇ ಲಾಭ. ಅದಕ್ಕೂ ಒಪ್ಪದಿದ್ದರೆ ಈ ಕಂಪನಿ ಬೇಕೋ ಬೇಡವೋ ಎಂದು ಮನೆಯಲ್ಲಿ ಕೂತು ಮಾತಾಡುವುದು. ಬೇಡವೆಂದರೆ ಬೇರೆ ಕಡೆ ಹುಡುಕಲು ಜನವರಿಯಲ್ಲಿ ಸಮಯ ಇದೆ, ಮಾರ್ಚಿನಲ್ಲಿ ಇಲ್ಲ.

ನಮ್ಮ ಉದಾಹರಣೆಯ ಹುಡುಗಿಗೆ ತಿದ್ದಿದ ಕರಾರು ಗುರುವಾರ ಬಂತು ಎನ್ನೋಣ. ನಾಲ್ಕನೇ ಗೆರೆ ಅಲ್ಲೇ ಇತ್ತು, ಆದರೆ ಅದರ ಮೇಲೆ ಈಗ "ಸಾಕ್ಷಿ" ಎಂದಿತ್ತು. ಸಾಕ್ಷಿ ಎಂದರೆ ಮಗಳು ರುಜು ಹಾಕಿದ್ದನ್ನು ಕಂಡವನು, ಅಷ್ಟೇ. ಖಾಲಿ ಬಿಟ್ಟಿದ್ದ ಜಾಗಗಳಿಗೆಲ್ಲ ಅಡ್ಡಗೆರೆ ಎಳೆದು, ಪ್ರತಿ ಪುಟದ ಕೆಳಗೆ ಸಣ್ಣ ರುಜು ಹಾಕಿ, ಮೂರು ಪ್ರತಿ ಮಾಡಿದರು. ಪ್ರಿನ್ಸಿಪಾಲರ ಮೊಹರು, ತಾರೀಖು ಮೂರರಲ್ಲೂ ಬಿದ್ದಿದೆಯೋ ಎಂದು ಹುಡುಗಿ ಕಾಲೇಜಿನ ಕಿಟಕಿಯಲ್ಲೇ ನಿಂತು ನೋಡಿಕೊಂಡಳು. ಒಂದು ಕಾಲೇಜಿಗೆ, ಒಂದು ಕಂಪನಿಗೆ. ಮೂರನೆಯದನ್ನು ಅಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ, ಅಂಗಡಿಯ ಬಾಡಿಗೆ ಕರಾರಿನ ಜತೆಗೆ ಇಟ್ಟರು.